ವಾರಕ್ಕೊಂದು ಪುಟ

ಓರಿಯೆಂಟೇಶನ್ ದಿನ ಬಿ.ಕಾಂ. ಮೊದಲ ವರ್ಷದವರ ಮುಂದೆ ನಿಲ್ಲುವ ತರಗತಿ ಪ್ರತಿನಿಧಿಯ ಭಾಷಣಕ್ಕೆ ಒಂದೇ ಸಲಹೆ ಸಾಕು: ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವ ಬದಲು, ಪ್ರತಿ ಶನಿವಾರ ಆ ವಾರದ ಪಾಠದ ಸಾರಾಂಶವನ್ನು ಒಂದು ಪುಟದಲ್ಲಿ ಬರೆಯಬೇಕು. ಈ ಮಾತು ಮನದಟ್ಟಾಗಲು ಒಂದು ಉದಾಹರಣೆಯೂ ಬೇಕು.

ಆ ವಾರ ಸವಕಳಿಯ ಪಾಠ ಆಗಿದೆ ಎನ್ನೋಣ. ಪುಸ್ತಕ ಮುಚ್ಚಿಟ್ಟು, 1,00,000 ರೂಪಾಯಿಯ ಯಂತ್ರಕ್ಕೆ ಶೇ. 10ರಂತೆ ಮೂರು ವರ್ಷದ ಸವಕಳಿ ಬರೆಯಬೇಕು. ಮೂಲ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಪ್ರತಿ ವರ್ಷವೂ 10,000. ಉಳಿದ ಬೆಲೆಯ ಮೇಲಾದರೆ ಕ್ರಮವಾಗಿ 10,000, 9,000, 8,100. ಎರಡನೇ ವರ್ಷಕ್ಕೇ ಪೆನ್ನು ನಿಂತರೆ, ಅರ್ಥವಾಗದೆ ಉಳಿದದ್ದು ಎಲ್ಲಿ ಎಂಬುದು ಅಲ್ಲೇ ತಿಳಿಯುತ್ತದೆ. ಆಗ ಪುಸ್ತಕ ತೆರೆದು, ತಪ್ಪನ್ನು ಬೇರೆ ಬಣ್ಣದ ಶಾಯಿಯಲ್ಲಿ ತಿದ್ದಬೇಕು. ಅದೇ ಲೆಕ್ಕವನ್ನು ಮುಂದಿನ ಶನಿವಾರ ಮತ್ತೆ ನೋಡದೆ ಮಾಡಬೇಕು.

ಇದಕ್ಕೆ ಆಧಾರವೂ ಇದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದ್ದನ್ನು ನೆನಪಿನಿಂದ ಬರೆದವರು ಮುಂದೆ ಬಂದರು. ಹಿಂದಿನ ರಾತ್ರಿ ಓದಿದ್ದು ಬೆಳಗ್ಗೆ ನೆನಪಿದ್ದರೂ ಮುಂದಿನ ಸೆಮಿಸ್ಟರ್‌ಗೆ ಉಳಿಯದಿರುವುದು ಇದೇ ಕಾರಣಕ್ಕೆ.

ಪುಸ್ತಕ ನೋಡಿ ನಕಲು ಮಾಡಿದ ಪುಟ ಸಾರಾಂಶವಾಗದು. ಅದರಲ್ಲಿ ತಿದ್ದುಪಡಿಯ ಶಾಯಿ ಒಂದೆಡೆಯೂ ಕಾಣುವುದಿಲ್ಲ. ಸಾರಾಂಶ ಬರೆದರೂ ಲೆಕ್ಕದ ಅಭ್ಯಾಸ ಬಿಡುವಂತಿಲ್ಲ.