ನೀರು ಬೆರೆತರೂ ಮದ್ದು ಅಷ್ಟೇ

ಆಸ್ಪತ್ರೆಯಲ್ಲಿ ಡ್ರಿಪ್‌ಗೆ ತೂಗುಹಾಕುವ ನಾರ್ಮಲ್ ಸಲೈನ್ ಬಾಟಲಿಯ ಮೇಲೆ 0.9% ಎಂದು ಬರೆದಿರುತ್ತದೆ. 100 ಮಿ.ಲೀ. ದ್ರಾವಣದಲ್ಲಿ 0.9 ಗ್ರಾಂ ಉಪ್ಪಿದೆ ಎಂದು ಅದರರ್ಥ. 500 ಮಿ.ಲೀ. ಬಾಟಲಿಯಲ್ಲಿ ಅದರ ಐದು ಪಟ್ಟು, ಅಂದರೆ 4.5 ಗ್ರಾಂ ಉಪ್ಪು ಇರುತ್ತದೆ. ಸ್ಪಿರಿಟ್‌ನಂಥ ದ್ರವಕ್ಕಾದರೆ 100 ಮಿ.ಲೀ.ಯಲ್ಲಿ ಎಷ್ಟು ಮಿ.ಲೀ. ಇದೆ ಎಂದು ಲೆಕ್ಕ; ಮುಲಾಮಿಗಾದರೆ 100 ಗ್ರಾಂನಲ್ಲಿ ಎಷ್ಟು ಗ್ರಾಂ ಎಂದು.

ಇಲ್ಲಿ ಗಮನಿಸಬೇಕಾದದ್ದು, ಈ 100 ಎಂಬುದು ನೀರಿನ ಅಳತೆಯಲ್ಲ, ತಯಾರಾದ ಒಟ್ಟು ದ್ರಾವಣದ ಅಳತೆ. ಫಾರ್ಮಸಿ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಎರಡನೆಯ ಮಾತು, ನೀರು ಬೆರೆಸಿದಾಗ ದ್ರಾವಣ ಹೆಚ್ಚಾಗುತ್ತದೆಯೇ ಹೊರತು ಅದರೊಳಗಿನ ಮದ್ದು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಪಠ್ಯಪುಸ್ತಕದ C1V1 = C2V2 ಸೂತ್ರ ಹೇಳುವುದೂ ಇದನ್ನೇ. C ಎಂದರೆ ಸಾಂದ್ರತೆ, V ಎಂದರೆ ಪ್ರಮಾಣ. ಈ ಎರಡು ಮಾತು ಹಿಡಿದುಕೊಂಡು ಮೂರು ಪ್ರಶ್ನೆ ಬಿಡಿಸೋಣ.

ಪ್ರಶ್ನೆ 1: 95% ಆಲ್ಕೋಹಾಲ್‌ನಿಂದ 70% ಆಲ್ಕೋಹಾಲ್ 500 ಮಿ.ಲೀ. ತಯಾರಿಸಬೇಕು. ಎಷ್ಟು ತೆಗೆದುಕೊಳ್ಳಬೇಕು?

ಹಂತ 1: ಕೊನೆಯಲ್ಲಿ ಬೇಕಾಗುವ ಶುದ್ಧ ಆಲ್ಕೋಹಾಲ್ ಎಷ್ಟೆಂದು ನೋಡಿ. 500 × 70 ÷ 100 = 350 ಮಿ.ಲೀ.

ಹಂತ 2: ಅಷ್ಟು ಆಲ್ಕೋಹಾಲ್ 95% ದ್ರಾವಣದ ಎಷ್ಟರಲ್ಲಿ ಸಿಗುತ್ತದೆ? 350 × 100 ÷ 95 = 368.4 ಮಿ.ಲೀ.

ಉತ್ತರ: 368.4 ಮಿ.ಲೀ. ಅಳೆದು, ಒಟ್ಟು 500 ಮಿ.ಲೀ. ಆಗುವವರೆಗೆ ನೀರು ತುಂಬಿಸಬೇಕು.

ಉಳಿದ 131.6 ಮಿ.ಲೀ. ನೀರನ್ನು ಬೇರೆಯಾಗಿ ಅಳೆದು ಸುರಿದರೆ ಸಾಲದೇ? ಸಾಲದು. ಆಲ್ಕೋಹಾಲ್ ಮತ್ತು ನೀರು ಬೆರೆತಾಗ ಒಟ್ಟು ಪ್ರಮಾಣ ಸ್ವಲ್ಪ ಕುಗ್ಗುತ್ತದೆ. ಹಾಗೆ ಸುರಿದರೆ ಮಟ್ಟ 500ರ ಗೆರೆಗಿಂತ ಕೆಳಗೇ ನಿಲ್ಲುತ್ತದೆ, ದ್ರಾವಣ 70%ಗಿಂತ ಗಟ್ಟಿಯಾಗುತ್ತದೆ. ಬೆರೆಸುವಾಗ ಬಿಸಿಯೂ ಏರುವುದರಿಂದ, ಆರಿದ ಮೇಲೆ ಗೆರೆಗೆ ಸರಿಪಡಿಸುವುದು ಕ್ರಮ.

ಪ್ರಶ್ನೆ 2: ಅಡ್ರಿನಲಿನ್ 1:1000 ಆ್ಯಂಪೂಲ್‌ನಿಂದ 1:10,000 ದ್ರಾವಣ 10 ಮಿ.ಲೀ. ತಯಾರಿಸುವುದು ಹೇಗೆ?

ಹಂತ 1: ಅನುಪಾತವನ್ನು ಮಿಲಿಗ್ರಾಂಗೆ ತನ್ನಿ. 1:1000 ಎಂದರೆ 1000 ಮಿ.ಲೀ.ಯಲ್ಲಿ 1 ಗ್ರಾಂ, ಅಂದರೆ ಪ್ರತಿ ಮಿ.ಲೀ.ಗೆ 1 ಮಿ.ಗ್ರಾಂ. ಶೇಕಡಾದಲ್ಲಿ ಹೇಳುವುದಾದರೆ 0.1%.

ಹಂತ 2: 1:10,000 ಎಂದರೆ ಪ್ರತಿ ಮಿ.ಲೀ.ಗೆ 0.1 ಮಿ.ಗ್ರಾಂ. 10 ಮಿ.ಲೀ.ಗೆ ಬೇಕಾದದ್ದು 1 ಮಿ.ಗ್ರಾಂ.

ಉತ್ತರ: ಆ್ಯಂಪೂಲ್‌ನ 1 ಮಿ.ಲೀ. ಜೊತೆ 9 ಮಿ.ಲೀ. ಸಲೈನ್.

ಹತ್ತು ಪಟ್ಟು ತೆಳುವಾಗಬೇಕು ಎಂದು 10 ಮಿ.ಲೀ. ಸಲೈನ್ ಸೇರಿಸಿದರೆ ಒಟ್ಟು 11 ಮಿ.ಲೀ. ಆಗಿ, ದ್ರಾವಣ ಬೇಕಾದದ್ದಕ್ಕಿಂತ ತೆಳುವಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಸೊನ್ನೆಗಳದು. ಒಂದು ಸೊನ್ನೆ ಕಣ್ತಪ್ಪಿದರೂ ಡೋಸ್ ಹತ್ತು ಪಟ್ಟು ಬದಲಾಗುತ್ತದೆ, ಅಡ್ರಿನಲಿನ್‌ನಂಥ ಮದ್ದಿನಲ್ಲಿ ಅದು ಹೃದಯಕ್ಕೇ ಕುತ್ತು. ಈ ಗೊಂದಲ ತಪ್ಪಿಸಲೆಂದೇ ಅಮೆರಿಕದಲ್ಲಿ 2016ರಿಂದ ಅಡ್ರಿನಲಿನ್ ಲೇಬಲ್‌ಗಳಲ್ಲಿ ಅನುಪಾತದ ಬದಲು ಪ್ರತಿ ಮಿ.ಲೀ.ಗೆ ಎಷ್ಟು ಮಿ.ಗ್ರಾಂ ಎಂದು ಬರೆಯುವ ನಿಯಮ ಬಂತು.

ಪ್ರಶ್ನೆ 3: 5% ಮತ್ತು 25% ಡೆಕ್ಸ್‌ಟ್ರೋಸ್ ಬೆರೆಸಿ 10% ಡೆಕ್ಸ್‌ಟ್ರೋಸ್ 100 ಮಿ.ಲೀ. ತಯಾರಿಸಿ.

ನವಜಾತ ಶಿಶುಗಳ ವಾರ್ಡಿನಲ್ಲಿ 10% ಡೆಕ್ಸ್‌ಟ್ರೋಸ್ ಬೇಕಾಗುತ್ತದೆ. ಇಲ್ಲಿ ತೆಳುವಾಗಿಸುವ ದ್ರವದಲ್ಲೂ ಸಕ್ಕರೆ ಇರುವುದರಿಂದ ಹಿಂದಿನ ದಾರಿ ನೇರವಾಗಿ ನಡೆಯುವುದಿಲ್ಲ. ಅಲಿಗೇಶನ್ ಎಂಬ ಅಡ್ಡಲೆಕ್ಕ ಬೇಕು.

ಹಂತ 1: 25ರಲ್ಲಿ 10 ಕಳೆದರೆ 15. ಇದು 5% ದ್ರಾವಣದ ಭಾಗ.

ಹಂತ 2: 10ರಲ್ಲಿ 5 ಕಳೆದರೆ 5. ಇದು 25% ದ್ರಾವಣದ ಭಾಗ.

ಹಂತ 3: 15ಕ್ಕೆ 5, ಅಂದರೆ 3ಕ್ಕೆ 1. ನೂರನ್ನು ನಾಲ್ಕು ಭಾಗ ಮಾಡಿದರೆ ಒಂದು ಭಾಗ 25 ಮಿ.ಲೀ.

ಉತ್ತರ: 5% ದ್ರಾವಣ 75 ಮಿ.ಲೀ., 25% ದ್ರಾವಣ 25 ಮಿ.ಲೀ.

ಅಡ್ಡಲೆಕ್ಕದಲ್ಲಿ ಭಾಗಗಳು ಅದಲುಬದಲಾಗುವುದು ಸಾಮಾನ್ಯ. ಅದು ಗೊತ್ತಾಗಬೇಕಾದರೆ ಗ್ರಾಂ ಲೆಕ್ಕದಲ್ಲಿ ತಾಳೆ ನೋಡಬೇಕು. 75 ಮಿ.ಲೀ.ಯಲ್ಲಿ 3.75 ಗ್ರಾಂ, 25 ಮಿ.ಲೀ.ಯಲ್ಲಿ 6.25 ಗ್ರಾಂ, ಕೂಡಿದರೆ 10 ಗ್ರಾಂ, ಸರಿ. ಅದಲುಬದಲಾಗಿದ್ದರೆ 1.25 ಮತ್ತು 18.75 ಸೇರಿ 20 ಗ್ರಾಂ ಆಗುತ್ತಿತ್ತು, ಮಗುವಿಗೆ ಎರಡು ಪಟ್ಟು ಗಟ್ಟಿಯಾದ ದ್ರಾವಣ ಹೋಗುತ್ತಿತ್ತು. ಗ್ರಾಂ ಕೂಡುವ ಮೊದಲೂ ಒಂದು ಸುಳಿವು ಸಿಗುತ್ತದೆ. 10 ಎಂಬುದು 25ಕ್ಕಿಂತ 5ಕ್ಕೆ ಹತ್ತಿರ, ಆದ್ದರಿಂದ 5% ದ್ರಾವಣವೇ ಹೆಚ್ಚು ಬೇಕು. ಬಂದ ಉತ್ತರ ಇದಕ್ಕೆ ವಿರುದ್ಧವಾಗಿದ್ದರೆ ಸಿರಿಂಜ್ ಕೈಗೆತ್ತಿಕೊಳ್ಳದೆ ಮೊದಲ ಹಂತದಿಂದ ಮತ್ತೆ ಲೆಕ್ಕ ಮಾಡಬೇಕು.