ಗೂಸ್ ಗೀಸ್ ಆಯಿತು, ಮಾಂಗೂಸ್ ಯಾಕಾಗಲಿಲ್ಲ?

ಹೆಬ್ಬಾತಿಗೆ ಇಂಗ್ಲಿಷಿನಲ್ಲಿ ಗೂಸ್, ಹಲವಿದ್ದರೆ ಗೀಸ್. ಮುಂಗುಸಿಗೆ ಮಾಂಗೂಸ್. ಹಾಗಾದರೆ ಹಲವು ಮುಂಗುಸಿಗಳಿಗೆ ಮಾಂಗೀಸ್ ಎಂದು ಬರೆದಿದ್ದಳು ನನ್ನ ಅಣ್ಣನ ಮಗಳು. ಅದರ ಮೇಲೆ ಕೆಂಪು ಗೀಟು ಬಿದ್ದಿತ್ತು. ಉತ್ತರ ಮಾಂಗೂಸಸ್. ‘ಯಾಕೆ ಚಿಕ್ಕಪ್ಪ?’ ಎಂದು ಕೇಳಿದಾಗ, ನಿಯಮ ತಪ್ಪಿದ ಬಹುವಚನಗಳನ್ನೆಲ್ಲ ಒಂದೇ ಹಾಳೆಗೆ ಇಳಿಸಿಕೊಡುತ್ತೇನೆ ಎಂದು ಕೂತೆ.

ಅಂಗಡಿಯಲ್ಲಿ ಸಿಗುವ ವ್ಯಾಕರಣದ ಕೈಪಿಡಿಗಳಲ್ಲಿ ಇಂಥ ಪದಗಳು ಅಕ್ಷರಾನುಕ್ರಮದಲ್ಲಿ ಸಾಲಾಗಿ ನಿಂತಿರುತ್ತವೆ. ಬಾಯಿಪಾಠ ಮಾಡುವುದಕ್ಕೇ ಹೊರತು ಅರ್ಥವಾಗುವುದಕ್ಕಲ್ಲ. ನಾನು ಪದಗಳನ್ನು ಬದಲಾವಣೆಯ ಜಾಡು ಹಿಡಿದು ಗುಂಪು ಮಾಡಿದೆ. ಪ್ರತಿ ಗುಂಪಿನ ಪಕ್ಕದಲ್ಲಿ ‘ನೋಡಲು ಹಾಗೇ ಇದ್ದರೂ ಸೇರದವರು’ ಎಂಬ ಅಂಕಣ ಇಟ್ಟೆ. ಮಕ್ಕಳು ಎಡವುವುದು ಅಲ್ಲೇ. ಇಂಗ್ಲಿಷ್ ಕಾಗುಣಿತದ ಕೆಳಗೆ ಉಚ್ಚಾರವನ್ನು ಕನ್ನಡ ಅಕ್ಷರದಲ್ಲೂ ಬರೆದೆ. ಅದರಿಂದ ಒಂದು ಲಾಭವಾಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ಗುಂಪಿನಲ್ಲಿ ಬಾಲಕ್ಕೆ ಏನೂ ಅಂಟುವುದಿಲ್ಲ, ಹೊಟ್ಟೆಯೊಳಗಿನ ಸ್ವರವೇ ಬದಲಾಗುತ್ತದೆ. ಮ್ಯಾನ್, ವುಮನ್, ಫುಟ್, ಟೂತ್, ಗೂಸ್, ಮೌಸ್, ಲೌಸ್. ಬಳಕೆಯ ಇಂಗ್ಲಿಷಿನಲ್ಲಿ ಇವು ಏಳೇ. ಮನುಷ್ಯರು, ಅವರ ಕಾಲು, ಹಲ್ಲು, ಮನೆಯ ಸುತ್ತ ಓಡಾಡುವ ಬಾತು, ಇಲಿ, ತಲೆಯ ಹೇನು: ಹಳೆಯ ಹಳ್ಳಿಮನೆಯೊಂದರ ಲೆಕ್ಕಪತ್ರದಂತಿದೆ ಪಟ್ಟಿ.

ಇವುಗಳ ಸ್ವರ ಬದಲಾದದ್ದು ಹೇಗೆ ಎಂದು ತಿಳಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. ತಮಿಳಿನವರು ಇಲಿಗೆ ‘ಎಲಿ’ ಎನ್ನುತ್ತಾರೆ, ತುಳುವರೂ ಹಾಗೇ. ಕಿವಿಗೆ ತಮಿಳಿನಲ್ಲಿ ‘ಚೆವಿ’, ತುಳುವಿನಲ್ಲಿ ‘ಕೆಬಿ’. ನಮ್ಮಲ್ಲಿ ಮಾತ್ರ ಇಲಿ, ಕಿವಿ. ಪದದ ಕೊನೆಯಲ್ಲಿ ‘ಇ’ ಕಾದಿದೆ ಎಂದು ನಾಲಗೆಗೆ ಮೊದಲೇ ಗೊತ್ತು. ಹಾಗಾಗಿ ಹಿಂದಿನ ‘ಎ’ಯನ್ನು ಹೇಳುವಾಗಲೇ ಅದು ಮೇಲೆದ್ದು ಅದನ್ನೂ ‘ಇ’ ಮಾಡಿಬಿಟ್ಟಿತು. ಮುಂದಿನ ಸ್ವರ ಹಿಂದಿನ ಸ್ವರವನ್ನು ತನ್ನತ್ತ ಎಳೆದುಕೊಳ್ಳುವ ಆಟ ಇದು.

ಇಂಗ್ಲಿಷಿನ ಪೂರ್ವಜ ಭಾಷೆಯಲ್ಲಿ ನಡೆದದ್ದೂ ಇದೇ ಜಾತಿಯ ಆಟ. ಕಾಲು ಎಂಬ ಪದ ಆಗ ‘ಫೋಟ್’ ಎಂಬಂತಿತ್ತು, ಬಹುವಚನ ‘ಫೋಟಿಜ್’ ಎಂಬಂತೆ. ಬಾಲದಲ್ಲಿದ್ದ ‘ಇ’ ಹಿಂದಿನ ‘ಓ’ವನ್ನು ಬಾಯಿಯ ಮುಂಭಾಗಕ್ಕೆ ಎಳೆಯಿತು, ಅದು ಕ್ರಮೇಣ ‘ಏ’ ಆಯಿತು. ನಮ್ಮ ಇಲಿಯ ಬಾಲದಲ್ಲಿ ‘ಇ’ ಇಂದಿಗೂ ಇದೆ. ಇಂಗ್ಲಿಷಿನಲ್ಲಿ ಎಳೆಯುವ ಕೆಲಸ ಮುಗಿಸಿ ಬಾಲವೇ ಉದುರಿಹೋಯಿತು. ಸುಮಾರು 1000 ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಉಳಿದದ್ದು ಫೋಟ್–ಫೇಟ್, ಗೋಸ್–ಗೇಸ್, ಟೋತ್–ಟೇತ್ ಎಂಬ ಜೋಡಿಗಳು. ಮುಂದೆ ಆ ಭಾಷೆಯ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟಗೊಂಡವು. ‘ಓ’ ಊಕಾರವಾಯಿತು, ‘ಏ’ ಈಕಾರವಾಯಿತು. ಹಾಗೆ ಗೂಸ್–ಗೀಸ್, ಟೂತ್–ಟೀತ್ ಬಂದವು. ಫುಟ್‌ನಲ್ಲಿ ಸ್ವರ ಆಮೇಲೆ ಕುಗ್ಗಿ ಹ್ರಸ್ವವಾಯಿತು. ಹಳೆಯ ಮೂಸ್ ಇದೇ ಪಲ್ಲಟದಲ್ಲಿ ಮೌಸ್ ಆಯಿತು, ಅದರ ಬಹುವಚನ ಮೈಸ್.

ಈಗ ಮುಂಗುಸಿಯ ಕತೆ ಸುಲಭ. ಮಾಂಗೂಸ್ ಇಂಗ್ಲಿಷಿಗೆ ಹೋದದ್ದು 17ನೇ ಶತಮಾನದ ಕೊನೆಯ ಹೊತ್ತಿಗೆ, ನಮ್ಮ ಕಡೆಯಿಂದಲೇ. ಮರಾಠಿಯ ‘ಮುಂಗೂಸ್’ ಅದರ ಮೂಲ, ಕನ್ನಡದ ಮುಂಗುಸಿ ಅದರ ನೆಂಟ. ‘ಇ’ ಎಳೆದಾಡುತ್ತಿದ್ದ ಕಾಲ ಮುಗಿದು ಸಾವಿರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಹಡಗು ಹತ್ತಿದ ಪದಕ್ಕೆ ಆ ಪೆಟ್ಟು ಬೀಳುವುದೆಲ್ಲಿಂದ? ಅದರೊಳಗಿನ ‘ಗೂಸ್’ಗೂ ಹೆಬ್ಬಾತಿಗೂ ಸಂಬಂಧವಿಲ್ಲ. ಜರ್ಮನ್, ರೋಮನ್, ಹ್ಯೂಮನ್‌ಗಳೂ ಹೀಗೇ. ಅವುಗಳಲ್ಲಿ ಮ್ಯಾನ್ ಇದ್ದಂತೆ ಕಂಡರೂ ಇಲ್ಲ, ಆದ್ದರಿಂದ ಜರ್ಮನ್ಸ್, ರೋಮನ್ಸ್, ಹ್ಯೂಮನ್ಸ್. ಪೊಲೀಸ್‌ಮ್ಯಾನ್ ನಿಜಕ್ಕೂ ಒಬ್ಬ ಮ್ಯಾನ್, ಅದಕ್ಕೇ ಪೊಲೀಸ್‌ಮೆನ್. ಸೇರದವರ ಅಂಕಣಕ್ಕೆ ಇದೇ ಒರೆಗಲ್ಲು: ಕೊನೆಯ ತುಂಡು ನಿಜವಾಗಿ ಆ ಪದವೇ, ಅಥವಾ ಬರೀ ಸದ್ದೇ?

ಒಂದು ಪದ ಮಾತ್ರ ಈ ಒರೆಗಲ್ಲನ್ನೂ ದಾಟಿ ಕಾಡುತ್ತದೆ. ಬುಕ್ ಅಪ್ಪಟ ಹಳೆಯ ಇಂಗ್ಲಿಷ್ ಪದ, ಫುಟ್‌ನ ಗುಂಪಿನದೇ. ಅದರ ಹಳೆಯ ಬಹುವಚನ ‘ಬೇಚ್’. ಉಳಿದಿದ್ದರೆ ಇವತ್ತು ಮಕ್ಕಳು ಚೀಲದಲ್ಲಿ ‘ಬೀಚ್’ ಹೊತ್ತು ಶಾಲೆಗೆ ಹೋಗುತ್ತಿದ್ದರು. ಹೆಚ್ಚು ಬಳಕೆಯಾಗುವ ಪದಗಳು ಹಳೆಯ ರೂಪ ಉಳಿಸಿಕೊಳ್ಳುತ್ತವೆ ಎಂಬ ವಿವರಣೆಯಲ್ಲಿ ಹುರುಳಿದೆ. ಆದರೆ ಹೇನಿಗಿಂತ ಪುಸ್ತಕದ ಮಾತೇ ಕಡಿಮೆಯಿತ್ತೇ ಎಂದು ಕೇಳಿದರೆ ಆ ವಿವರಣೆ ತುಸು ತಡವರಿಸುತ್ತದೆ.

ಎರಡನೆಯ ಗುಂಪು ನೈಫ್–ನೈವ್ಸ್, ವೈಫ್–ವೈವ್ಸ್, ಲೀಫ್–ಲೀವ್ಸ್. ಇಲ್ಲಿ ನಮ್ಮ ಆದೇಶ ಸಂಧಿಯನ್ನು ನೆನೆದರೆ ಸಾಕು. ಮಳೆ ಮತ್ತು ಕಾಲ ಸೇರಿದಾಗ ಗಡುಸಾದ ‘ಕ’ ಎರಡು ಸ್ವರಗಳ ನಡುವೆ ಸಿಕ್ಕಿ ‘ಗ’ ಆಗುತ್ತದೆ, ಮಳೆಗಾಲ. ಹಳೆಯ ಇಂಗ್ಲಿಷಿನಲ್ಲಿ ನೈಫ್‌ನ ಬಹುವಚನಕ್ಕೆ ‘ಅಸ್’ ಎಂಬ ಬಾಲವಿತ್ತು. ‘ಫ್’ ಸ್ವರಗಳ ನಡುವೆ ಸಿಕ್ಕಿ ‘ವ್’ ಎಂದು ಮೆದುವಾಯಿತು. ಚೀಫ್, ಪ್ರೂಫ್ ಫ್ರೆಂಚಿನಿಂದ ತಡವಾಗಿ ಬಂದವು, ಅವು ಚೀಫ್ಸ್, ಪ್ರೂಫ್ಸ್ ಆಗಿಯೇ ಉಳಿದವು. ರೂಫ್ ಹಳೆಯ ಪದವಾದರೂ ಬರವಣಿಗೆಯಲ್ಲಿ ರೂಫ್ಸ್ ಎಂದೇ ಇರುವುದರಿಂದ ಸೇರದವರ ಅಂಕಣಕ್ಕೆ ಹೋಯಿತು. ಸ್ಕಾರ್ಫ್, ಹೂಫ್, ಡ್ವಾರ್ಫ್‌ಗಳಿಗೆ ಎರಡೂ ರೂಪ ಸರಿ. ಇಂಥವನ್ನು ತಪ್ಪೆಂದು ಹೊಡೆಯುವ ಮೇಷ್ಟರು ನಿಘಂಟು ತೆರೆಯಬೇಕು.

ಕನ್ನಡ ಅಕ್ಷರದ ಲಾಭ ಎಂದೆನಲ್ಲ, ಅದು ಕಂಡದ್ದು ಇಲ್ಲೇ. ಹೌಸ್ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬರೀ ಒಂದಕ್ಷರ ಹೆಚ್ಚಿಗೆ ಬರೆಯುತ್ತಾರೆ, ನಿಯಮ ತಪ್ಪಿಲ್ಲದ ಸಾಧುಪದದಂತೆ ಕಾಣುತ್ತದೆ. ಕನ್ನಡದಲ್ಲಿ ಬರೆದರೆ ಗುಟ್ಟು ಬಯಲು: ಹೌಸ್–ಹೌಝಿಸ್. ಒಳಗಿನ ‘ಸ’ ಮೆದುವಾಗಿದೆ. ವುಮನ್‌ನ ವೇಷ ಇನ್ನೂ ಮಜಾ. ಇಂಗ್ಲಿಷಿನಲ್ಲಿ ಬದಲಾಗುವುದು ಕೊನೆಯ ಸ್ವರದ ಅಕ್ಷರ, ಬಾಯಲ್ಲಿ ಎದ್ದು ಕೇಳುವುದು ಮೊದಲ ಸ್ವರದ ಬದಲಾವಣೆ: ವುಮನ್–ವಿಮಿನ್. ಅದನ್ನು ‘ವುಮೆನ್’ ಎಂದೇ ಓದುವವರು ನಮ್ಮಲ್ಲಿ ಬಹಳ.

ಚೈಲ್ಡ್–ಚಿಲ್ಡ್ರನ್‌ಗೆ ಒಂದು ಸಾಲು ಸಾಕೆಂದುಕೊಂಡಿದ್ದೆ, ಸಾಲಲಿಲ್ಲ. ಹಿಂದೆ ‘ಚಿಲ್ಡ್ರು’ ಎಂಬ ಬಹುವಚನವಿತ್ತು. ಅದು ಬಹುವಚನ ಎನ್ನುವುದು ಮಾಸಿದಂತಾದಾಗ ಜನ ಅದರ ಮೇಲೆ ಆಕ್ಸನ್‌ನಲ್ಲಿರುವ ‘ಅನ್’ ಕೂಡ ಅಂಟಿಸಿದರು. ನಾವು ‘ಅವರು’ ಸಾಲದೆಂದು ‘ಅವರುಗಳು’ ಎನ್ನುತ್ತೇವಲ್ಲ, ಹಾಗೆ. ನಮ್ಮದನ್ನು ತಪ್ಪೆಂದು ತಿದ್ದುತ್ತಾರೆ, ಅವರದು ವ್ಯಾಕರಣವಾಯಿತು.

ಶೀಪ್, ಡೀರ್‌ಗಳಿಗೆ ಬಹುವಚನದಲ್ಲೂ ಅದೇ ರೂಪ. ಗ್ರೀಕಿನಿಂದ ಬಂದ ಕ್ರೈಟೀರಿಯನ್ ಬಹುವಚನದಲ್ಲಿ ಕ್ರೈಟೀರಿಯಾ, ಫಿನಾಮಿನನ್ ಫಿನಾಮಿನಾ. ‘ಒಂದು ಕ್ರೈಟೀರಿಯಾ’ ಎನ್ನುವುದು ನಮ್ಮ ಕಚೇರಿಗಳಲ್ಲಿ ದಿನವೂ ಕೇಳಿಸುವ ತಪ್ಪು. ಆಕ್ಟೊಪಸ್ ಲ್ಯಾಟಿನ್ ಎಂದುಕೊಂಡು ಆಕ್ಟೊಪೈ ಮಾಡಿದವರಿದ್ದಾರೆ. ಆದರೆ ಅದರ ಬೇರು ಗ್ರೀಕ್, ಆಕ್ಟೊಪಸಸ್ ಸಾಕು.

ಹಾಳೆ ಮುಗಿಯಿತೆಂದು ಕೊಟ್ಟೆ. ಓದಿ, ಮೇಜಿನ ಮೇಲಿದ್ದ ಕಂಪ್ಯೂಟರಿನ ಮೌಸ್ ಎತ್ತಿ ತೋರಿಸಿದಳು. ‘ಇದು ಎರಡಿದ್ದರೆ ಮೈಸಾ, ಮೌಸಸಾ?’ ಅದು ಇಲಿಯೇ, ಹೆಸರಿಟ್ಟದ್ದು ಅದರ ರೂಪ ನೋಡಿಯೇ. ಆದರೆ ಇಲಿಯೂ ಅಲ್ಲ. ನಿಘಂಟುಗಳು ಎರಡನ್ನೂ ಒಪ್ಪುತ್ತವೆ. ಆ ಒಂದು ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟೆ.