ವಯಲ್‌ನಲ್ಲಿ ನೀರೆಷ್ಟು, ಮದ್ದೆಷ್ಟು

ಹುಟ್ಟಿ ನಾಲ್ಕು ದಿನವಾದ ಕೂಸೊಂದು ಬೆಳಗಿನಿಂದ ಹಾಲು ಕುಡಿಯುತ್ತಿಲ್ಲ. ಮೈ ಸುಡುತ್ತಿದೆ, ಉಸಿರು ಜೋರಾಗಿದೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೂಕ ನೋಡಿದರೆ 2.4 ಕೆಜಿ. ರಕ್ತಕ್ಕೆ ನಂಜೇರಿರಬಹುದೆಂಬ ಅನುಮಾನದಲ್ಲಿ ವೈದ್ಯರು ಮಗುವನ್ನು ಜಿಲ್ಲಾಸ್ಪತ್ರೆಗೆ ಕಳಿಸಲು ನಿರ್ಧರಿಸುತ್ತಾರೆ. ಆದರೆ ಆಂಬ್ಯುಲೆನ್ಸ್ ಹತ್ತುವ ಮೊದಲೇ ಆಂಟಿಬಯಾಟಿಕ್‌ನ ಮೊದಲ ಡೋಸ್ ತೊಡೆಯ ಸ್ನಾಯುವಿಗೆ ಬೀಳಬೇಕು. ಆಂಪಿಸಿಲಿನ್, ಕೆಜಿಗೆ 50 ಮಿಲಿಗ್ರಾಂ ಲೆಕ್ಕದಲ್ಲಿ 120 ಮಿಲಿಗ್ರಾಂ. ಸಿಸ್ಟರ್ ಕೈಯಲ್ಲಿರುವುದು 500 ಮಿಲಿಗ್ರಾಂನ ಸಣ್ಣ ಗಾಜಿನ ವಯಲ್, ಅದರ ತಳದಲ್ಲಿ ಒಂದಿಷ್ಟು ಬಿಳಿ ಪುಡಿ. ಈ ಪುಡಿಯಿಂದ 120 ಮಿಲಿಗ್ರಾಂ ತೆಗೆಯುವುದು ಹೇಗೆ?

ಇಂಥ ಆಂಟಿಬಯಾಟಿಕ್‌ಗಳನ್ನು ಪುಡಿಯಾಗಿಯೇ ಮಾರುವುದಕ್ಕೆ ಕಾರಣವಿದೆ. ಪೆನಿಸಿಲಿನ್ ಕುಟುಂಬದ ಮದ್ದುಗಳ ಶಕ್ತಿಯೆಲ್ಲ ಇರುವುದು ಅವುಗಳ ಅಣುವಿನಲ್ಲಿರುವ ಒಂದು ಪುಟ್ಟ ಉಂಗುರದಲ್ಲಿ. ನೀರು ತಾಕಿದೊಡನೆ ಆ ಉಂಗುರ ನಿಧಾನವಾಗಿ ಒಡೆಯತೊಡಗುತ್ತದೆ. ಒಣಗಿದ ಪುಡಿ ಕಪಾಟಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ, ಕರಗಿದ ಆಂಪಿಸಿಲಿನ್ ಅನ್ನು ಒಂದು ಗಂಟೆಯೊಳಗೆ ಬಳಸಿಬಿಡಬೇಕು. ಹಾಗಾಗಿ ಔಷಧ ತಯಾರಿಕೆಯ ಕೊನೆಯ ಹಂತ ಕಾರ್ಖಾನೆಯಲ್ಲಿ ಮುಗಿಯುವುದಿಲ್ಲ. ಅದು ರೋಗಿಯ ಪಕ್ಕದ ಟ್ರೇ ಮೇಲೆ, ನರ್ಸ್ ಕೈಯಲ್ಲಿ ಮುಗಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಚಿಕಿತ್ಸೆಯ ಕೈಪಿಡಿ ಈ 500 ಮಿಲಿಗ್ರಾಂ ಪುಡಿಗೆ 2.1 ಮಿ.ಲೀ. ಸ್ಟೆರೈಲ್ ವಾಟರ್ ಸೇರಿಸಿ ಎನ್ನುತ್ತದೆ. ಹಾಗೆ ಸೇರಿಸಿದಾಗ ವಯಲ್‌ನಲ್ಲಿ ಸಿಗುವ ದ್ರಾವಣ 2.1 ಮಿ.ಲೀ. ಅಲ್ಲ, 2.5 ಮಿ.ಲೀ. ತುಂಬಿದ ಲೋಟಕ್ಕೆ ಸಕ್ಕರೆ ಹಾಕಿದರೆ ನೀರು ಮೇಲೇರುವಂತೆ, ಕರಗಿದ ಪುಡಿಯೂ ತನ್ನ ಪಾಲಿನ ಜಾಗ ಹಿಡಿಯುತ್ತದೆ. ಇಲ್ಲಿ ಆ ಜಾಗ 0.4 ಮಿ.ಲೀ. ಈಗ 500 ಮಿಲಿಗ್ರಾಂ ಮದ್ದು 2.5 ಮಿ.ಲೀ.ನಲ್ಲಿ ಹರಡಿದೆ, ಅಂದರೆ ಒಂದು ಮಿ.ಲೀ.ಗೆ 200 ಮಿಲಿಗ್ರಾಂ. ಕೂಸಿಗೆ ಬೇಕಾದ 120ನ್ನು 200ರಿಂದ ಭಾಗಿಸಿದರೆ 0.6 ಮಿ.ಲೀ.

ಲೆಕ್ಕ ಇಷ್ಟೇ. ಎಡವುವುದು ಭಾಗಾಕಾರದಲ್ಲಲ್ಲ, ಅದಕ್ಕೂ ಮೊದಲು. ಹಲವು ಕಂಪನಿಗಳ ಪೆಟ್ಟಿಗೆಯಲ್ಲಿ ವಯಲ್ ಜೊತೆಗೇ 5 ಮಿ.ಲೀ. ನೀರಿನ ಆಂಪುಲ್ ಇರುತ್ತದೆ. ಜೊತೆಗೆ ಕೊಟ್ಟಿದ್ದಾರೆ ಎಂದ ಮೇಲೆ ಪೂರ್ತಿ ಹಾಕಬೇಕು ಎಂದು ಕೈ ತಾನಾಗಿ ಅಷ್ಟನ್ನೂ ಹಾಕಿಬಿಡುತ್ತದೆ. ಆಗ ದ್ರಾವಣ 5.4 ಮಿ.ಲೀ. ಆಗುತ್ತದೆ. ಅದರಿಂದ ನೆನಪಿನ ಮೇಲೆ 0.6 ಮಿ.ಲೀ. ಎಳೆದರೆ ಮಗುವಿನ ತೊಡೆಗೆ ಹೋಗುವುದು ಸುಮಾರು 56 ಮಿಲಿಗ್ರಾಂ, ಬೇಕಾದದ್ದರ ಅರ್ಧಕ್ಕಿಂತ ಕಡಿಮೆ. ನೋವು ಕಡಿಮೆಯಾಗಲೆಂದು ಬರೀ 1 ಮಿ.ಲೀ. ನೀರು ಹಾಕಿದವರು ಅದೇ 0.6 ಎಳೆದರೆ 214 ಮಿಲಿಗ್ರಾಂ ಹೋಗುತ್ತದೆ. ಮೂರು ಸಿರಿಂಜುಗಳನ್ನೂ ಪಕ್ಕಪಕ್ಕ ಹಿಡಿದು ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ದ್ರವದ ಬಣ್ಣವೂ ಒಂದೇ, ಮಟ್ಟವೂ ಒಂದೇ.

ದೊಡ್ಡವರ ವಾರ್ಡಿನಲ್ಲಿ ಈ ತಪ್ಪು ಹೆಚ್ಚಾಗಿ ಮರೆಯಲ್ಲೇ ಉಳಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ಇಡೀ ವಯಲ್ ಒಬ್ಬರಿಗೇ ಹೋಗುತ್ತದೆ. 1 ಗ್ರಾಂ ಸೆಫ್ಟ್ರಿಯಾಕ್ಸೋನ್‌ಗೆ 9.6 ಮಿ.ಲೀ. ನೀರು ಹಾಕಿ, 10 ಹಾಕಿ, ಕೊನೆಯ ಹನಿಯವರೆಗೆ ಕೊಟ್ಟರೆ ರೋಗಿಗೆ ತಲುಪುವುದು ಅದೇ 1 ಗ್ರಾಂ. ವರ್ಷಗಟ್ಟಲೆ ಹಾಗೆ ಕೆಲಸ ಮಾಡಿದವರಿಗೆ ನೀರಿನ ಅಳತೆ ಮುಖ್ಯವೆಂದು ಅನಿಸಲು ಕಾರಣವೇ ಸಿಕ್ಕಿರುವುದಿಲ್ಲ. ಅದೇ ಕೈ ಮಕ್ಕಳ ವಾರ್ಡಿಗೆ ವರ್ಗವಾಗಿ ಬಂದಾಗ, ವಯಲ್‌ನ ಒಂದು ಪಾಲನ್ನು ಮಾತ್ರ ಎಳೆಯಬೇಕಾದಾಗ, ಹಳೆಯ ರೂಢಿ ಅಪಾಯವಾಗುತ್ತದೆ. ಇದರಲ್ಲಿ ನರ್ಸ್‌ಗಳನ್ನಷ್ಟೇ ದೂರುವುದು ನನಗೆ ಸರಿ ಕಾಣುವುದಿಲ್ಲ. ಎಷ್ಟು ನೀರು, ಕೊನೆಗೆ ಎಷ್ಟು ಸಾಂದ್ರತೆ ಎಂಬ ಎರಡು ಅಂಕಿಗಳು ವಯಲ್‌ನ ಮೈಮೇಲೆಯೇ ದಪ್ಪ ಅಕ್ಷರದಲ್ಲಿ ಇರಬೇಕಿತ್ತು. ಎಷ್ಟೋ ಸಲ ಅವು ಮಡಚಿದ ಚೀಟಿಯ ಒಳಗೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿರುತ್ತವೆ.

ಆ ಚೀಟಿಯನ್ನು ಬಿಡಿಸಿ ಓದಲೇಬೇಕು, ಏಕೆಂದರೆ ಪುಡಿ ಹಿಡಿಯುವ ಜಾಗ ಎಲ್ಲ ಮದ್ದಿಗೂ ಒಂದೇ ಅಲ್ಲ. ಒಂದೇ ಮದ್ದಿನಲ್ಲೂ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗಬಹುದು. ಕೈಪಿಡಿಯ ಅಂಕಿ ಮತ್ತು ಚೀಟಿಯ ಅಂಕಿ ಬೇರೆಯಿದ್ದರೆ, ಕೈಯಲ್ಲಿರುವ ವಯಲ್‌ನ ಚೀಟಿಯದೇ ಆ ವಯಲ್‌ಗೆ ಲೆಕ್ಕ.

ಯಾವುದರಲ್ಲಿ ಕರಗಿಸಬೇಕು ಎಂಬುದು ಎಷ್ಟು ಎಂಬುದರಷ್ಟೇ ತೂಕದ ಪ್ರಶ್ನೆ. ವಾರ್ಡಿನ ಟ್ರೇ ಮೇಲೆ ಡಿಸ್ಟಿಲ್ಡ್ ವಾಟರ್, ನಾರ್ಮಲ್ ಸಲೈನ್, ಲಿಗ್ನೊಕೇನ್ ಎಲ್ಲ ಒಟ್ಟಿಗೆ ಇರುತ್ತವೆ. ಎಲ್ಲವೂ ನೀರಿನಂತೆಯೇ ಕಾಣುತ್ತವೆ. ಸೆಫ್ಟ್ರಿಯಾಕ್ಸೋನ್ ಅನ್ನು ಸ್ನಾಯುವಿಗೆ ಚುಚ್ಚಿದರೆ ವಿಪರೀತ ನೋವು, ಅದಕ್ಕಾಗಿ ದೊಡ್ಡವರಿಗೆ ಕೊಡುವಾಗ ಶೇ. 1ರ ಲಿಗ್ನೊಕೇನ್‌ನಲ್ಲಿ ಕರಗಿಸುವ ಪದ್ಧತಿಯಿದೆ. ಹಾಗೆ ಕರಗಿಸಿದ ಸಿರಿಂಜು ಯಾವ ಕಾರಣಕ್ಕೂ ರಕ್ತನಾಳಕ್ಕೆ ಹೋಗಬಾರದು. ಲಿಗ್ನೊಕೇನ್ ನೇರವಾಗಿ ರಕ್ತಕ್ಕೆ ಸೇರಿದರೆ ಹೃದಯದ ಬಡಿತ ಹದ ತಪ್ಪಬಹುದು, ಫಿಟ್ಸ್ ಬರಬಹುದು. ಅದೇ ಸೆಫ್ಟ್ರಿಯಾಕ್ಸೋನ್ ಕ್ಯಾಲ್ಸಿಯಂ ಇರುವ ದ್ರವದ ಜೊತೆ ಸೇರಿದರೆ ಹರಳುಗಟ್ಟುತ್ತದೆ. ವಾಂತಿಭೇದಿ ಆದವರಿಗೆ ಏರಿಸುವ ರಿಂಗರ್ ಲ್ಯಾಕ್ಟೇಟ್ ಅಂಥದ್ದೊಂದು ದ್ರವ. ನವಜಾತ ಶಿಶುಗಳಲ್ಲಿ ಈ ಹರಳುಗಳು ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಕೂತು ಸಾವುಗಳಾದ ಮೇಲೆ 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. 28 ದಿನದೊಳಗಿನ ಶಿಶುವಿಗೆ ಕ್ಯಾಲ್ಸಿಯಂ ಇರುವ ದ್ರವ ನಾಳದ ಮೂಲಕ ಹೋಗುತ್ತಿದ್ದರೆ, ಹೋಗಬೇಕಾಗಿದ್ದರೆ, ಸೆಫ್ಟ್ರಿಯಾಕ್ಸೋನ್ ಕೊಡುವಂತೆಯೇ ಇಲ್ಲ.

ನಮ್ಮ ಕೂಸಿನ ಆಂಪಿಸಿಲಿನ್‌ಗೆ ಬೇಕಾದದ್ದು ಬರೀ ಸ್ಟೆರೈಲ್ ವಾಟರ್. ಮದ್ದಿನ ಹೆಸರು, 500 ಎಂಬ ಅಂಕಿ, ಅವಧಿಯ ತಾರೀಕು ನೋಡಿದ್ದಾಯಿತು. ಆಂಪುಲ್ ಮೇಲಿನ ಹೆಸರನ್ನೂ ಅಷ್ಟೇ ಗಮನವಿಟ್ಟು ಓದಿ, ಕೈ ತೊಳೆದು, ವಯಲ್‌ನ ರಬ್ಬರ್ ಬಿರಡೆಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಆರಲು ಬಿಡಬೇಕು. 2.1 ಮಿ.ಲೀ. ಅಳೆಯಲು 0.1ರ ಗೆರೆಗಳಿರುವ 3 ಮಿ.ಲೀ. ಸಿರಿಂಜು ಸರಿಹೊಂದುತ್ತದೆ. 5 ಮಿ.ಲೀ. ಸಿರಿಂಜಿನಲ್ಲಿ ಸಾಮಾನ್ಯವಾಗಿ 0.2ಕ್ಕೊಂದು ಗೆರೆ, ಹಾಗಾಗಿ 2.1 ಎಂಬುದು ಎರಡು ಗೆರೆಗಳ ನಡುವಿನ ಅಂದಾಜಾಗಿಬಿಡುತ್ತದೆ. ನೀರನ್ನು ಗಾಜಿನ ಗೋಡೆಗುಂಟ ಇಳಿಬಿಡಬೇಕು. ನೀರು ಒಳಹೋದಷ್ಟೇ ಗಾಳಿಯನ್ನು ಅದೇ ಸಿರಿಂಜಿಗೆ ಹೊರಬರಲು ಬಿಡದಿದ್ದರೆ, ಒಳಗಿನ ಒತ್ತಡಕ್ಕೆ ಸೂಜಿ ತೆಗೆಯುವಾಗ ಮದ್ದು ಚಿಮ್ಮುತ್ತದೆ. ಚಿಮ್ಮಿದ್ದು ಎಷ್ಟೆಂದು ಯಾರೂ ಅಳೆಯಲಾರರು.

ಆಮೇಲೆ ವಯಲ್ ಅನ್ನು ಅಂಗೈಗಳ ನಡುವೆ ಹೊರಳಿಸಬೇಕು. ಜೋರಾಗಿ ಕುಲುಕಿದರೆ ನೊರೆಯೇಳುತ್ತದೆ, ನೊರೆಯ ಜೊತೆ ಎಳೆದ ಅಳತೆ ಸುಳ್ಳಾಗುತ್ತದೆ. ಬೆಳಕಿಗೆ ಹಿಡಿದು ನೋಡಿದಾಗ ಪುಡಿಯ ಉಂಡೆ, ತೇಲುವ ಕಣ, ಸೂಜಿಗೆ ಕಿತ್ತುಬಂದ ರಬ್ಬರ್ ಚೂರು ಯಾವುದೂ ಕಾಣಬಾರದು. ತಳದಲ್ಲಿ ಪುಡಿ ಕರಗದೆ ಉಳಿದಿದ್ದರೆ ಮೇಲಿನ ದ್ರಾವಣದಲ್ಲಿ 200 ಮಿಲಿಗ್ರಾಂ ಇರುವುದಿಲ್ಲ, ಲೆಕ್ಕ ಎಷ್ಟೇ ಸರಿಯಿದ್ದರೂ. ಎಲ್ಲ ಮದ್ದೂ ತಿಳಿಯಾಗಿಯೇ ಇರಬೇಕೆಂದಲ್ಲ. ರುಮ್ಯಾಟಿಕ್ ಹೃದಯರೋಗದ ಮಕ್ಕಳಿಗೆ ಮೂರ್ನಾಲ್ಕು ವಾರಕ್ಕೊಮ್ಮೆ ಕೊಡುವ ಬೆಂಜಾಥಿನ್ ಪೆನಿಸಿಲಿನ್ ಹಾಲಿನಂತೆ ಬೆಳ್ಳಗೇ ಇರುತ್ತದೆ. ಅದು ಸ್ನಾಯುವಿಗೆ ಮಾತ್ರ, ರಕ್ತನಾಳಕ್ಕೆ ಹೋದರೆ ಹೃದಯವೇ ನಿಲ್ಲಬಹುದು.

ಈಗ ಸಾಂದ್ರತೆಯನ್ನು ಪರೀಕ್ಷಿಸುವ ಹೊತ್ತು. ಕರಗಿಸಿದ ಕೂಡಲೇ ವಯಲ್ ಮೇಲೆ ಚೀಟಿ ಅಂಟಿಸಿ ‘1 ಮಿ.ಲೀ. = 200 ಮಿಲಿಗ್ರಾಂ’ ಎಂದು, ಕರಗಿಸಿದ ಸಮಯದೊಂದಿಗೆ ಬರೆಯಬೇಕು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಯುಳ್ಳ ಬರಹ ಇನ್ನೊಂದಿಲ್ಲ. ನಂತರ 1 ಮಿ.ಲೀ. ಸಿರಿಂಜಿನಲ್ಲಿ 0.6 ಎಳೆದು, ಲೆಕ್ಕವನ್ನು ಹಿಂದಿನಿಂದ ಮಾಡಿ ನೋಡಬೇಕು: 0.6ನ್ನು 200ರಿಂದ ಗುಣಿಸಿದರೆ 120, ಅದನ್ನು ತೂಕ 2.4ರಿಂದ ಭಾಗಿಸಿದರೆ 50. ವೈದ್ಯರು ಬರೆದ ಅಂಕಿಗೆ ಮರಳಿ ಬಂದೆವು. ಇನ್ನೊಬ್ಬ ಸಿಸ್ಟರ್ ಇದ್ದರೆ ಅವರು ಮೊದಲಿನವರ ಉತ್ತರ ನೋಡದೆ ತಾವೇ ಲೆಕ್ಕ ಹಾಕಬೇಕು. ‘0.6 ಅಲ್ವಾ ಸಿಸ್ಟರ್?’ ಎಂದು ಕೇಳಿದರೆ ‘ಹೂಂ’ ಎಂಬ ಉತ್ತರ ಬಂದೇ ಬರುತ್ತದೆ. ‘ಈ ಮಗುವಿಗೆ ಎಷ್ಟು ಎಳೆಯಬೇಕು, ನೀವೊಮ್ಮೆ ಲೆಕ್ಕ ಹಾಕಿ ಸಿಸ್ಟರ್’ ಎಂದು ಕೇಳಿದರೆ ತಪ್ಪು ಸಿಕ್ಕಿಬೀಳುತ್ತದೆ. ವಯಲ್‌ಗೆ ಎಷ್ಟು ನೀರು ಹಾಕಿದ್ದೆಂದು ನೆನಪಿಲ್ಲದಿದ್ದರೆ, ಅಥವಾ ಹಾಕಿದವರು ಡ್ಯೂಟಿ ಮುಗಿಸಿ ಹೋಗಿದ್ದರೆ, ಆ ವಯಲ್ ಎಸೆದು ಹೊಸದು ತೆಗೆಯುವುದೊಂದೇ ದಾರಿ.

ಕೂಸಿಗೆ ಇದರ ಜೊತೆ ಜೆಂಟಾಮೈಸಿನ್ ಕೂಡ ಬರೆದಿರುತ್ತಾರೆ. ಒಂದೇ ಚುಚ್ಚಿನಲ್ಲಿ ಮುಗಿಸೋಣವೆಂದು ಎರಡನ್ನೂ ಒಂದೇ ಸಿರಿಂಜಿಗೆ ತುಂಬಿದರೆ ಪೆನಿಸಿಲಿನ್ ಜಾತಿಯ ಮದ್ದು ಜೆಂಟಾಮೈಸಿನ್‌ನ ಶಕ್ತಿಯನ್ನು ಕುಂದಿಸುತ್ತದೆ. ಹಾಗಾಗಿ ಸಿರಿಂಜು ಎರಡು, ತೊಡೆಯೂ ಎರಡು.

ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಇದೇ ಮಗುವಿಗೆ ಇದೇ ಆಂಪಿಸಿಲಿನ್ ರಕ್ತನಾಳದ ಮೂಲಕ ಹೋಗುತ್ತದೆ. ಅಲ್ಲಿ ಅದನ್ನು ಇನ್ನಷ್ಟು ತೆಳುಮಾಡಿ ಒಂದು ಮಿ.ಲೀ.ಗೆ 100 ಮಿಲಿಗ್ರಾಂ ಆಗಿಸಿಕೊಳ್ಳುವುದುಂಟು. ಆಗ 120 ಮಿಲಿಗ್ರಾಂ ಎಂದರೆ 1.2 ಮಿ.ಲೀ. ಅದನ್ನು ಒಮ್ಮೆಲೇ ತಳ್ಳದೆ ಕೆಲವು ನಿಮಿಷ ಹಿಡಿದು ನಿಧಾನವಾಗಿ ಕೊಡುತ್ತಾರೆ, ರಭಸಕ್ಕೆ ಫಿಟ್ಸ್ ಬರುವ ಅಪಾಯವಿದೆ. ಈಗ ಆರೋಗ್ಯ ಕೇಂದ್ರದಿಂದ ಬಂದ ರೆಫರಲ್ ಚೀಟಿಯಲ್ಲಿ ‘ಆಂಪಿಸಿಲಿನ್ 0.6 ಮಿ.ಲೀ. ಕೊಟ್ಟಿದೆ’ ಎಂದಷ್ಟೇ ಇದ್ದರೆ ಜಿಲ್ಲಾಸ್ಪತ್ರೆಯ ವೈದ್ಯರಿಗೆ ಅದು 60 ಮಿಲಿಗ್ರಾಂ ಆಗಿಯೂ ಕಾಣಬಹುದು, 120 ಆಗಿಯೂ ಕಾಣಬಹುದು. ಮಿಲಿಗ್ರಾಂನಲ್ಲಿ ಬರೆದು, ಕೊಟ್ಟ ಸಮಯವನ್ನೂ ಸೇರಿಸಿದರೆ ಮುಂದಿನ ಡೋಸ್ ಎಷ್ಟು, ಯಾವಾಗ ಎಂಬುದು ಅವರಿಗೆ ಸ್ಪಷ್ಟವಾಗುತ್ತದೆ. ಮೊದಲ ವಾರದ ಶಿಶುವಿಗೆ ಅದು ಸಾಮಾನ್ಯವಾಗಿ 12 ಗಂಟೆಯ ನಂತರ.

ಆರೋಗ್ಯ ಕೇಂದ್ರದ ಟ್ರೇ ಮೇಲೆ ಉಳಿದ ವಯಲ್‌ನಲ್ಲಿ ಇನ್ನೂ 1.9 ಮಿ.ಲೀ., ಅಂದರೆ 380 ಮಿಲಿಗ್ರಾಂ ಮದ್ದಿದೆ. ಇನ್ನೂ ಮೂರು ಡೋಸ್‌ಗೆ ಆಗುವಷ್ಟು. ಫ್ರಿಜ್‌ನಲ್ಲಿಟ್ಟು ಸಂಜೆ ಬರುವ ಮಗುವಿಗೆ ಬಳಸೋಣ ಎನ್ನಿಸುವುದು ಸಹಜ. ಆದರೆ ಆ ಹೊತ್ತಿಗೆ ಚೀಟಿಯ ಮೇಲಿನ 200 ಎಂಬ ಅಂಕಿಯನ್ನು ನಂಬುವಂತಿಲ್ಲ, ಎಷ್ಟು ಮದ್ದು ಒಡೆದುಹೋಗಿದೆಯೆಂದು ಕಣ್ಣಿಗೆ ಕಾಣುವುದೂ ಇಲ್ಲ. ಗಂಟೆ ದಾಟಿದರೆ ಅದನ್ನು ಎಸೆದು, ಸಂಜೆಯ ಮಗುವಿಗೆ ಹೊಸ ವಯಲ್ ಒಡೆಯಬೇಕು.